ಕಡಿಮೆ ತೂಕದ ಕೂಸಿಗೆ ಎದೆಯ ಶಾಖ: ಕಾಂಗರೂ ತಾಯಿ ಆರೈಕೆ

ನವಜಾತ ಶಿಶು ಘಟಕದ ಶುಶ್ರೂಷಕಿಯರಿಂದ ತಾಯಂದಿರಿಗೆ, ಮನೆಯವರಿಗೆ

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಮಗುವಿನ ಚರ್ಮದಡಿ ಕೊಬ್ಬು ಕಡಿಮೆ. ಮೈ ಬೇಗ ತಣ್ಣಗಾಗುತ್ತದೆ; ತಣ್ಣಗಾದ ಮಗು ಹಾಲು ಚೀಪದು, ತೂಕ ಏರದು. ಅದಕ್ಕೆ ಬೇಕಾದ ಶಾಖ ನಿಮ್ಮ ಎದೆಯಲ್ಲಿದೆ. ಮಗುವಿನ ಮೈ ನಿಮ್ಮ ಬರಿ ಎದೆಗೆ ತಾಗುವಂತೆ ಕಟ್ಟಿಕೊಳ್ಳುವುದೇ ಕಾಂಗರೂ ತಾಯಿ ಆರೈಕೆ. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಶಾಖಪೆಟ್ಟಿಗೆಗಳು ಸಾಲದಾದಾಗ ಆರಂಭವಾದ ಕ್ರಮವಿದು. ಹಾಗೆಂದು ಯಂತ್ರವಿಲ್ಲದವರ ಚಿಕಿತ್ಸೆ ಎಂದು ಭಾವಿಸಬೇಡಿ. ದಿನಕ್ಕೆ 8ರಿಂದ 24 ಗಂಟೆ ಮಾಡಬೇಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಹೇಗೆ ಕಟ್ಟಿಕೊಳ್ಳಬೇಕು?

ಕೈ ತೊಳೆದು, ಸರ, ತಾಳಿ ಬದಿಗೆ ಸರಿಸಿ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಇರಲಿ. ಎದೆಗಳ ನಡುವೆ ನೆಟ್ಟಗೆ ನಿಲ್ಲಿಸಿದಂತೆ ಇಡಿ. ತಲೆ ಒಂದು ಪಕ್ಕಕ್ಕೆ, ಗದ್ದ ತುಸು ಮೇಲಕ್ಕೆ; ಗದ್ದ ಎದೆಗೆ ಅಂಟಿದರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಕೈಕಾಲು ಕಪ್ಪೆಯಂತೆ ಮಡಚಿರಲಿ. ಮೆತ್ತನೆಯ ಹತ್ತಿ ಬಟ್ಟೆಯಿಂದ ಕಿವಿಯ ಕೆಳಗಿನವರೆಗೆ ಸುತ್ತಿ ಬಿಗಿದು, ಮೇಲೆ ಸೆರಗು ಹೊದೆಯಿರಿ. ಮೂಗು, ಬಾಯಿ ಸದಾ ಕಾಣುತ್ತಿರಬೇಕು. ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಒರಗಿ, ಚಪ್ಪಟೆಯಾಗಿ ಮಲಗಬೇಡಿ. ಒಮ್ಮೆ ಕಟ್ಟಿದರೆ ಕನಿಷ್ಠ ಒಂದು ಗಂಟೆ ಬಿಚ್ಚಬೇಡಿ. ಪದೇ ಪದೇ ಬಿಚ್ಚಿದರೆ ಮಗು ದಣಿಯುತ್ತದೆ.

ಹೊಲಿಗೆಯ ನೋವಿರುವ ಬಾಣಂತಿಯೂ ಇದನ್ನು ಮಾಡಬಹುದು, ಕಟ್ಟಲು ನಾವು ನೆರವಾಗುತ್ತೇವೆ. ಆದರೆ ಹಗಲೂ ರಾತ್ರಿಯೂ ಅವಳೊಬ್ಬಳಿಂದಲೇ ಆಗದು. ಮೊನ್ನೆ ನಮ್ಮ ವಾರ್ಡಿನಲ್ಲಿ ಸೊಸೆ ಊಟಕ್ಕೆ ಕುಳಿತಾಗ ಅತ್ತೆಯವರು 1,450 ಗ್ರಾಂನ ಮೊಮ್ಮಗಳನ್ನು ಎದೆಗೆ ಕಟ್ಟಿಕೊಂಡರು. ತುಸು ಹೊತ್ತಿನ ಬಳಿಕ ಕಾಲುಚೀಲದೊಳಗೆ ಬೆರಳಿಟ್ಟು, “ಪಾದ ಬೆಚ್ಚಗಾಯಿತು!” ಎಂದು ಕಣ್ಣೀರು ಹಾಕಿದರು. ಅಪ್ಪಂದಿರೇ, ನಿಮ್ಮ ಎದೆಯೂ ಅಷ್ಟೇ ಬಿಸಿ. ಅಂಗಿ ಬಿಚ್ಚಿ ಬನ್ನಿ.

ಎರಡು ಗಂಟೆಗೊಮ್ಮೆ, ರಾತ್ರಿಯೂ, ತಾಯಿಹಾಲು ಕೊಡಿ. ಚೀಪಲಾಗದಿದ್ದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಹನಿಹನಿಯಾಗಿ ಕುಡಿಸಿ. ಜೇನು, ಬಜೆ, ಸಕ್ಕರೆ ನೀರು ಬೇಡ. ಸಾಂಬ್ರಾಣಿ ಹೊಗೆಯಂತೂ ಈ ಪುಟ್ಟ ಶ್ವಾಸಕೋಶಕ್ಕೆ ಹಾನಿ. ಎಣ್ಣೆ ನೀರು ಹಾಕಬೇಕೆಂಬ ಹಿರಿಯರ ಅಕ್ಕರೆ ನಮಗೆ ಅರ್ಥವಾಗುತ್ತದೆ. ಆದರೆ ವೈದ್ಯರು ಹೇಳುವವರೆಗೆ ಸ್ನಾನ ಬೇಡ, ಒರೆಸಿದರೆ ಸಾಕು.

ಯಾವಾಗ ಓಡಿ ಬರಬೇಕು?

ಮಗು ಉಸಿರು ನಿಲ್ಲಿಸಿದರೆ ಬೆನ್ನು, ಪಾದ ಉಜ್ಜುತ್ತಾ ತಕ್ಷಣ ನಮ್ಮನ್ನು ಕೂಗಿ. ಪಕ್ಕೆ ಒಳಸೇದುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಜ್ವರ ಬಂದರೆ, ಎದೆಗೆ ಕಟ್ಟಿದರೂ ಪಾದ ತಣ್ಣಗೇ ಇದ್ದರೆ, ಅಂಗೈ ಅಂಗಾಲು ಹಳದಿಯಾದರೆ ಕಾಯಬೇಡಿ. ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ. ಬರುವ ದಾರಿಯಲ್ಲೂ ಮಗು ಎದೆಯ ಮೇಲೆಯೇ ಇರಲಿ.

ಮನೆಗೆ ಹೋದ ಮೇಲೂ ಮುಂದುವರಿಸಿ. ಆಶಾ ಕಾರ್ಯಕರ್ತೆ ಬಂದಾಗ ತೂಕ ಹಾಕಿಸಿ. ಎರಡೂವರೆ ಕಿಲೋ ಹತ್ತಿರವಾದಾಗ ಮಗು ತಾನೇ ಕೊಸರಾಡಿ, ಕಾಲು ಹೊರಚಾಚಿ, ಬಿಡಿಸಿಕೊಳ್ಳಲು ನೋಡುತ್ತದೆ. ಆಗ ಬಿಡಬಹುದು.