ತಾರಸಿ ಸೋರಿಕೆ ಕೆಲಸದ ಕೊಟೇಶನ್ ಜೊತೆಗಿನ ಪತ್ರ

ಶಿವಮೊಗ್ಗ
28 ಏಪ್ರಿಲ್ 2025

ಮೇಷ್ಟ್ರಿಗೆ ನಮಸ್ಕಾರ.

ಭಾನುವಾರ ನಿಮ್ಮ ಮನೆಯ ತಾರಸಿ ನೋಡಿ, ಅಳತೆ ತೆಗೆದುಕೊಂಡು ಬಂದಿದ್ದೆ. ಅದರ ಕೊಟೇಶನ್ ಇದರ ಜೊತೆ ಇಟ್ಟಿದ್ದೇನೆ. ಒಟ್ಟು 98,000 ರೂಪಾಯಿ. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಇದರ ಮೇಲೆ ತೆರಿಗೆ ಸೇರುವುದಿಲ್ಲ.

ಮೇಲೆ ಒಂದು ಕೋಟ್ ಕೆಮಿಕಲ್ ಬಳಿದರೆ ಸಾಕಲ್ವಾ ಅಂತ ಕೇಳಿದ್ದಿರಿ. ಅದಕ್ಕೆ ಅರ್ಧಕ್ಕಿಂತ ಕಡಿಮೆ ಖರ್ಚು ಆಗುತ್ತದೆ, ನಿಜ. ಆದರೆ ನಿಮ್ಮ ತಾರಸಿಯ ತೊಂದರೆ ಬಿರುಕು ಮಾತ್ರ ಅಲ್ಲ, ವಾಟ ಸರಿಯಿಲ್ಲ. ಬಕೆಟ್ ನೀರು ಸುರಿದಾಗ ನೀವೇ ನೋಡಿದಿರಿ, ಅದು ಪೈಪಿನ ಕಡೆ ಹೋಗದೆ ಈಶಾನ್ಯ ಮೂಲೆಯಲ್ಲೇ ನಿಂತಿತು. ಅದರ ಕೆಳಗೇ ನಿಮ್ಮ ದೇವರ ಕೋಣೆ. ಬರೀ ಬಳಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಸೋರುತ್ತದೆ. ಸುಮ್ನೆ ನಿಮ್ಮ ದುಡ್ಡು ಹಾಳು ಮಾಡಲು ನನಗೆ ಮನಸ್ಸಿಲ್ಲ.

ಅದಕ್ಕೆ 1,100 ಚದರ ಅಡಿ ಪೂರ್ತಿ ಹಳೆ ಗಾರೆ ಕಿತ್ತು, ಬಿರುಕುಗಳನ್ನು ಅಗಲಿಸಿ ತುಂಬಿ, ವಾಟರ್‌ಪ್ರೂಫ್ ಕೋಟ್ ಎರಡು ಸಲ ಬಳಿದು, ಮೇಲೆ ಹೊಸದಾಗಿ ವಾಟ ಕೊಟ್ಟು ಗಾರೆ ಹಾಕುತ್ತೇವೆ. ಚದರ ಅಡಿಗೆ 78 ರೂಪಾಯಿಯಂತೆ 85,800 ಆಗುತ್ತದೆ. ಪ್ಯಾರಾಪೆಟ್ ಒಳಬದಿಯ ಬುಡಕ್ಕೆ 140 ಅಡಿ ಉದ್ದ ಗುಂಡಗೆ ಗಾರೆ ಕಟ್ಟಲು 8,400. ಮಳೆನೀರಿನ ಎರಡು ಪೈಪ್ ಬಾಯಿ ಬದಲಾಯಿಸಲು 3,800. ಸಾಮಾನು, ಕೂಲಿ, ಕಿತ್ತ ಗಾರೆ ಸಾಗಿಸುವುದು ಎಲ್ಲ ಇದರಲ್ಲೇ ಬಂತು. ನೀರು, ಕರೆಂಟ್ ನಿಮ್ಮದು.

ಒಳಗಿನ ಸೀಲಿಂಗ್ ಪ್ಲಾಸ್ಟರ್, ಪೇಂಟ್, ಸೋಲಾರ್ ಬಿಚ್ಚಿ ಕೂರಿಸುವ ಪ್ಲಂಬರ್ ಕೂಲಿ ಇದರಲ್ಲಿ ಸೇರಿಲ್ಲ. ಗಾರೆ ಕಿತ್ತಾಗ ಕಂಬಿ ತುಕ್ಕು ಹಿಡಿದಿದ್ದು ಕಂಡರೆ ಆ ಕೆಲಸ ಬೇರೆ. ಆದರೆ ನಿಮ್ಮನ್ನು ಮೇಲೆ ಕರೆದು ತೋರಿಸಿ, ರೇಟು ಬರೆದುಕೊಟ್ಟು, ನೀವು ಒಪ್ಪಿದ ಮೇಲೇ ಮುಟ್ಟುತ್ತೇನೆ.

ಹಣ ಮೂರು ಕಂತಿನಲ್ಲಿ ಕೊಡಿ. ಸಾಮಾನು ತರಲು ಮೊದಲು 29,400. ವಾಟದ ಗಾರೆ ಮುಗಿದ ದಿನ 39,200. ಉಳಿದ 29,400 ಈಗ ಬೇಡ. ಏಳು ದಿನ ಕ್ಯೂರಿಂಗ್ ಆದ ಮೇಲೆ ತಾರಸಿಯಲ್ಲಿ ಮೂರು ದಿನ ನೀರು ಕಟ್ಟಿ ನಿಲ್ಲಿಸುತ್ತೇವೆ. ಕೆಳಗೆ ಒಂದು ಹನಿಯೂ ಒಸರಲಿಲ್ಲ ಅಂತ ನೀವು ನೋಡಿದ ಮೇಲೆ ಕೊಡಿ. ಚೆಕ್ ಅಥವಾ ಯುಪಿಐ ಆದರೆ ಒಳ್ಳೆಯದು, ಪ್ರತಿ ಕಂತಿಗೂ ರಸೀದಿ ಕೊಡುತ್ತೇನೆ.

ಈ ರೇಟು ಮೇ 12ರವರೆಗೆ ಮಾತ್ರ. ಆಮೇಲೆ ಸಿಮೆಂಟ್ ಬೆಲೆ ನನ್ನ ಕೈಯಲ್ಲಿಲ್ಲ. ಬೆಲೆಗಿಂತ ಜಾಸ್ತಿ ಚಿಂತೆ ಮಳೆಯದ್ದು. ನೀರು ಕಟ್ಟಿ ನೋಡುವುದೂ ಸೇರಿ 18 ದಿನ ಬೇಕು. 12ಕ್ಕೆ ಶುರು ಮಾಡಿದರೆ ತಿಂಗಳ ಕೊನೆಗೆ ಮುಗಿಯುತ್ತದೆ. ಜೂನ್ ಬಂದರೆ ಗಾರೆ ಒಣಗುವುದಿಲ್ಲ, ಆಗ ನಾನೇ ಬೇಡ ಅನ್ನುತ್ತೇನೆ. ನಡುವೆ ಜೋರು ಮಳೆ ಬಂದರೆ ಅಷ್ಟು ದಿನ ಮುಂದೆ ಹೋಗುತ್ತದೆ.

ನಾವು ಮಾಡಿದ ಜಾಗದಲ್ಲಿ ಮೂರು ವರ್ಷದೊಳಗೆ ಸೋರಿದರೆ ನನ್ನ ಖರ್ಚಿನಲ್ಲೇ ಸರಿ ಮಾಡಿಕೊಡುತ್ತೇನೆ. ಡಿಶ್ ಆಂಟೆನಾಗೆ ಅಂತ ಯಾರಾದರೂ ತೂತು ಕೊರೆದರೆ ಮಾತ್ರ ಅದು ನನ್ನ ಹೊಣೆ ಅಲ್ಲ.

ಒಪ್ಪಿಗೆಯಾದರೆ ಕೊಟೇಶನ್‌ನ ಎರಡನೇ ಪ್ರತಿಗೆ ಸಹಿ ಹಾಕಿಡಿ, ಹುಡುಗನನ್ನು ಕಳಿಸುತ್ತೇನೆ. ಅಮ್ಮನವರಿಗೂ ಒಮ್ಮೆ ಓದಿ ಹೇಳಿ. ಏನಾದರೂ ಕೇಳುವುದಿದ್ದರೆ ಸಂಜೆ ಆರರ ಮೇಲೆ ಫೋನ್ ಮಾಡಿ.

ಇಂತಿ ನಿಮ್ಮ,
ಮಂಜುನಾಥ
ಕಟ್ಟಡ ಗುತ್ತಿಗೆದಾರ