ಚಹಾ ಊಟದ ಜೊತೆ, ಹಾಲು ಎರಡು ಊಟಗಳ ನಡುವಿನ ಹೊತ್ತಿಗೆ: ಥಲಸ್ಸೀಮಿಯಾ ಮೇಜರ್ ಇರುವ ಮಗಳ ಆಹಾರಕ್ಕೆ ಒಂದು ಬರಹ

ತಾಯಿಯವರಿಗೆ ನಮಸ್ಕಾರ.

ಶನಿವಾರ ಮಗಳಿಗೆ ರಕ್ತ ಏರುತ್ತಿದ್ದಾಗ ನಾವಿಬ್ಬರೂ ಮಾತನಾಡಿದ್ದನ್ನೇ ಇಲ್ಲಿ ಬರೆದು ಕೊಡುತ್ತಿದ್ದೇನೆ. ಮನೆಯಲ್ಲಿ ಅಜ್ಜಿಗೂ ಓದಿ ಹೇಳಿ. ಅಡುಗೆಮನೆ ಅವರ ಕೈಯಲ್ಲಿದೆ ಎಂದಿರಿ, ಹಾಗಾಗಿ ಇದರ ಅರ್ಧ ಅವರಿಗೇ ಬರೆದದ್ದು.

ಮಗಳಿಗೆ 11 ವರ್ಷ, ತೂಕ 27 ಕಿಲೋ. ಮೂರು ತಿಂಗಳಲ್ಲಿ ಎರಡು ಕಿಲೋ ಇಳಿದಿದೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ 3200, ವಿಟಮಿನ್ ಡಿ 14. ಫೆರಿಟಿನ್ ಏರಿದೆ ಎಂದು ಕೇಳಿದ ದಿನದಿಂದ ಅಜ್ಜಿ ಸೊಪ್ಪು, ಮೊಟ್ಟೆ, ಕಾಳು, ಬೆಲ್ಲ ಎಲ್ಲವನ್ನೂ ನಿಲ್ಲಿಸಿ, ಅನ್ನ ಮತ್ತು ತಿಳಿಸಾರಿನ ಮೇಲೆ ಮಗುವನ್ನು ಇಟ್ಟಿದ್ದಾರೆ. ಪ್ರೀತಿಯಿಂದ ಮಾಡಿದ್ದು, ಗೊತ್ತು. ಆದರೆ ಕಬ್ಬಿಣ ಬರುತ್ತಿರುವ ಬಾಗಿಲು ಅದಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಿಮ್ಮ ಮಗಳಿಗೆ ಮೂರು ವಾರಕ್ಕೊಮ್ಮೆ ಒಂದೂವರೆ ಚೀಲ ಹೋಗುತ್ತದೆ, ಅಂದರೆ 300 ಮಿಲಿಗ್ರಾಂ. 21 ದಿನಕ್ಕೆ ಹಂಚಿದರೆ ದಿನಕ್ಕೆ 14 ಮಿಲಿಗ್ರಾಂ, ನೇರವಾಗಿ ಮೈಯೊಳಗೆ. ಊಟದಿಂದ ದೇಹ ಹೀರಿಕೊಳ್ಳುವುದು ಆರೋಗ್ಯವಂತರಲ್ಲಿ ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಮೈಯಿಂದ ತಾನಾಗಿ ಹೊರಹೋಗುವುದೂ ಅಷ್ಟೇ. ಉಳಿದದ್ದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ, ಅದಕ್ಕೇ ಬೆಳಗಿನ ಮಾತ್ರೆ. ಸೊಪ್ಪು ಬಿಡಿಸಿ ಒಂದು ವಾರದಲ್ಲಿ ಉಳಿಸಿದ ಕಬ್ಬಿಣ, ಎರಡು ದಿನ ಮಾತ್ರೆ ತಪ್ಪಿದರೆ ಮತ್ತೆ ಬಂದು ಕೂರುತ್ತದೆ.

ಹಾಗೆಂದು ಊಟದ ಕಬ್ಬಿಣಕ್ಕೆ ಲೆಕ್ಕವೇ ಇಲ್ಲ ಎಂದೂ ಅಲ್ಲ. ಕರುಳಿನ ಬಾಗಿಲಿಗೆ ಹೆಪ್ಸಿಡಿನ್ ಎಂಬ ಕಾವಲುಗಾರ ಇರುತ್ತದೆ. ಮೈಯಲ್ಲಿ ಕಬ್ಬಿಣ ಹೆಚ್ಚಾದರೆ ಅದು ಬಾಗಿಲು ಮುಚ್ಚಬೇಕು. ಥಲಸ್ಸೀಮಿಯಾದಲ್ಲಿ ಎಲುಬಿನ ಮಜ್ಜೆ ಹಗಲಿರುಳು ರಕ್ತ ಮಾಡಲು ಒದ್ದಾಡುತ್ತ, ಇನ್ನೂ ಕಬ್ಬಿಣ ಬೇಕು ಎಂದು ಸುಳ್ಳು ಸುದ್ದಿ ಕಳಿಸುತ್ತದೆ, ಕಾವಲುಗಾರ ಸುಮ್ಮನಾಗುತ್ತದೆ. ಹಿಮೋಗ್ಲೋಬಿನ್ ಕೆಳಗಿಳಿದಷ್ಟೂ ಬಾಗಿಲು ಅಗಲ. ಸುಗ್ಗಿಯ ಕೆಲಸದಲ್ಲಿ ಕಳೆದ ಬಾರಿ ಎಂಟು ದಿನ ತಡವಾಗಿ ಬಂದಿರಲ್ಲ, ಆಗ ಹಿಮೋಗ್ಲೋಬಿನ್ 8.1 ಇತ್ತು. ರಕ್ತ ಏರಿಸುವ ಮುನ್ನ 9.5ರಿಂದ 10.5 ಇರಬೇಕು. ಊಟದಿಂದ ಬರುವ ಕಬ್ಬಿಣ ತಡೆಯಲು ಎಲ್ಲಕ್ಕಿಂತ ಒಳ್ಳೆಯ ಪಥ್ಯವೆಂದರೆ ಹೇಳಿದ ತಾರೀಖಿಗೆ ಬರುವುದು.

ಇನ್ನು ಚಹಾ. ನೀವು ಕೇಳಿದ್ದು ನಿಜ, ಚಹಾದ ಒಗರು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಥಲಸ್ಸೀಮಿಯಾ ಇರುವವರಲ್ಲಿಯೇ ಇದನ್ನು ಅಳೆದು ನೋಡಿ 1979ರಲ್ಲಿ ಪ್ರಕಟಿಸಿದ್ದಾರೆ, ಹೀರಿಕೆ ಅರ್ಧಕ್ಕೂ ಹೆಚ್ಚು ಇಳಿಯಬಲ್ಲದು. ಆದರೆ ಮೂರು ಮಾತು ನೆನಪಿರಲಿ. ಚಹಾ ಊಟದ ಜೊತೆಗೋ ಊಟ ಮುಗಿದ ಕೂಡಲೇಯೋ ಹೊಟ್ಟೆ ಸೇರಬೇಕು. ನಾಲ್ಕು ಗಂಟೆಗೆ ಬಿಸ್ಕತ್ತಿನ ಜೊತೆ ಕುಡಿದ ಚಹಾ ಮಧ್ಯಾಹ್ನದ ರೊಟ್ಟಿಯ ಕಬ್ಬಿಣವನ್ನು ಏನೂ ಮಾಡುವುದಿಲ್ಲ. ಎರಡನೆಯದಾಗಿ, ಅದು ರೊಟ್ಟಿ, ಕಾಳು, ಸೊಪ್ಪಿನ ಕಬ್ಬಿಣವನ್ನು ತಡೆಯುತ್ತದೆ, ಮಾಂಸದಲ್ಲಿರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಮೂರನೆಯದಾಗಿ, ನಿಮ್ಮ ಮಗಳಿಗೆ 11 ವರ್ಷ. ದಿನಕ್ಕೆ ನಾಲ್ಕು ಬಾರಿ ಕಡು ಚಹಾ ಕುಡಿಸಿದರೆ ಹಸಿವು ಸಾಯುತ್ತದೆ, ನಿದ್ದೆ ಕೆಡುತ್ತದೆ. ಮಧ್ಯಾಹ್ನದ ಊಟದ ಜೊತೆ ಅರ್ಧ ಲೋಟ, ಸಕ್ಕರೆ ಕಡಿಮೆ, ಅಷ್ಟು ಸಾಕು. ಕಪ್ಪು ಚಹಾ ಅವಳಿಗೆ ಸೇರದಿದ್ದರೆ ಒತ್ತಾಯ ಬೇಡ, ಊಟದ ಕೊನೆಗೆ ಒಂದು ಬಟ್ಟಲು ಮೊಸರು ಕೊಡಿ. ಅದರ ಕ್ಯಾಲ್ಸಿಯಂ ಕೂಡ ಕಬ್ಬಿಣದ ಹೀರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ, ಎಲುಬಿಗೂ ಆಗುತ್ತದೆ.

ಚಹಾ ಕೊಡುತ್ತಿದ್ದೇವಲ್ಲ ಎಂದು ಮಾತ್ರೆಯನ್ನು ಸಡಿಲ ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಚಹಾ ಉಳಿಸುವುದು ಹೆಚ್ಚೆಂದರೆ ದಿನಕ್ಕೆ ಒಂದೆರಡು ಮಿಲಿಗ್ರಾಂ.

ಇನ್ನೊಂದು ಮಾತು, ನಿಮಗೇ ಹೇಳುವುದು. ಮಗಳಿಗೆ ಒಳ್ಳೆಯದೆಂದು ಈಗ ಮನೆಯವರೆಲ್ಲ ಊಟದ ಜೊತೆ ಚಹಾ ಕುಡಿಯುತ್ತಿದ್ದೀರಂತೆ. ನಿಮಗೂ ದೊಡ್ಡ ಮಗಳಿಗೂ ಈ ನಿಯಮ ಬೇಡ. ನೀವು ಥಲಸ್ಸೀಮಿಯಾದ ವಾಹಕರು ನಿಜ, ಆದರೆ ವಾಹಕ ಹೆಣ್ಣುಮಕ್ಕಳಲ್ಲೂ ನಿಜವಾದ ಕಬ್ಬಿಣದ ಕೊರತೆ ಬರುತ್ತದೆ. ನಿಮ್ಮ ಫೆರಿಟಿನ್ ನೋಡಿಸಿ. ಕಡಿಮೆ ಇದ್ದರೆ ನೀವು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ, ಚಹಾವನ್ನು ಊಟದಿಂದ ದೂರ ಇಡಬೇಕಾಗುತ್ತದೆ. ಒಂದೇ ಒಲೆ, ಎರಡು ನಿಯಮ.

ಈಗ ಬಿಡಬೇಕಾದದ್ದು. ಲಿವರ್, ಗುಲ್ಮ, ರಕ್ತದ ಪಲ್ಯ ಬೇಡವೇ ಬೇಡ. ಕುರಿ ಮಾಂಸ ಹಬ್ಬಕ್ಕೆ ಸಾಕು. ಕೋಳಿ, ಮೀನು, ಮೊಟ್ಟೆ ಕೊಡಿ, ಬೆಳೆಯುವ ಮಗುವಿಗೆ ಪ್ರೋಟೀನ್ ಬೇಕು. ಮೊಟ್ಟೆಯನ್ನು ಇವತ್ತಿನಿಂದಲೇ ಶುರುಮಾಡಿ. ಹುಣಸೆಹುಳಿ, ಟೊಮ್ಯಾಟೊ ಹಾಕಿದ್ದನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಬೇಡಿ, ಹುಳಿ ಪಾತ್ರೆಯನ್ನೇ ಕರಗಿಸಿ ಸಾರಿಗೆ ಸೇರಿಸುತ್ತದೆ. ರೊಟ್ಟಿಯ ಹಂಚು ಕಬ್ಬಿಣದ್ದಿದ್ದರೆ ಚಿಂತೆಯಿಲ್ಲ. ‘ಕಬ್ಬಿಣ ಸೇರಿಸಿದೆ’ ಎಂದು ಬರೆದ ಹಿಟ್ಟು, ಉಪ್ಪು, ಡಬ್ಬಿಯ ಹಾಲಿನ ಪುಡಿಗಳನ್ನು ಅವಳಿಗೆ ತರಬೇಡಿ. ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಸೇರಿಸಿರುತ್ತಾರೆ. ಮನೆಯಲ್ಲಿ ಅವಳ ಪಾಲಿಗೆ ಜೋಳದ ರೊಟ್ಟಿ ಹೆಚ್ಚಿಸಿ, ಅನ್ನಕ್ಕೆ ಸಾದಾ ಅಕ್ಕಿ ಇಡಿ. ಶಾಲೆಯಲ್ಲಿ ಎಲ್ಲರ ಜೊತೆ ಕುಳಿತು ಉಣ್ಣುವುದನ್ನು ಇದಕ್ಕಾಗಿ ತಪ್ಪಿಸಬೇಡಿ.

ಶಾಲೆಯಲ್ಲಿ ತಪ್ಪಿಸಲೇಬೇಕಾದ್ದು ಬೇರೆ ಇದೆ, ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ರಕ್ತ ಕಡಿಮೆ ಇರುವ ಹುಡುಗಿ ಎಂದು ಟೀಚರು ಅವಳಿಗೇ ಮೊದಲು ಕೊಟ್ಟಾರು. ಡಾಕ್ಟರರ ಸಹಿ ಇರುವ ಪತ್ರ ಇದರ ಜೊತೆಗಿದೆ, ಮುಖ್ಯಶಿಕ್ಷಕರ ಕೈಗೇ ಕೊಡಿ. ಜಂತುಹುಳುವಿನ ಮಾತ್ರೆ ಬೇರೆ, ಅದನ್ನು ನುಂಗಬಹುದು. ಶಾಲೆಯ ಹಾಲು ಕುಡಿಯಲಿ. ರಾಗಿ ಮಾಲ್ಟ್ ಕೊಡುವ ದಿನ ಪೊಟ್ಟಣದ ಮೇಲೆ ಕಬ್ಬಿಣ ಸೇರಿಸಿದೆಯೇ ಎಂದು ಒಮ್ಮೆ ಓದಿ ಹೇಳಲು ಟೀಚರನ್ನು ಕೇಳಿ.

ಬೀಟ್‌ರೂಟ್, ದಾಳಿಂಬೆಗಳನ್ನು ಕೆಂಪಗಿವೆ ಎಂದು ಹೆದರಿ ಬಿಟ್ಟಿದ್ದೀರಿ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ, ತಿನ್ನಲಿ. ಪಕ್ಕದ ಮನೆಯವರು ರಕ್ತ ಹೆಚ್ಚಲೆಂದು ತಂದುಕೊಡುವ ಟಾನಿಕ್ಕನ್ನು ಮಾತ್ರ ನಯವಾಗಿ ವಾಪಸು ಕೊಡಿ. ನಿಂಬೆ, ಪೇರಲ, ನೆಲ್ಲಿಕಾಯಿಯ ವಿಟಮಿನ್ ಸಿ ಕಬ್ಬಿಣದ ಹೀರಿಕೆಯನ್ನು ಹೆಚ್ಚಿಸುತ್ತದೆ. ಹಣ್ಣು ನಿಲ್ಲಿಸಬೇಡಿ, ಊಟದ ಹೊತ್ತು ಬಿಟ್ಟು ಸಂಜೆ ಕೊಡಿ. ವಿಟಮಿನ್ ಸಿ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಲೇಬೇಡಿ. ಅದು ಕೂಡಿಟ್ಟ ಕಬ್ಬಿಣವನ್ನು ಒಮ್ಮೆಲೇ ಸಡಿಲಿಸಿ ಹೃದಯಕ್ಕೆ ತೊಂದರೆ ಮಾಡಬಲ್ಲದು.

ಇಷ್ಟು ಹೊತ್ತು ಕಬ್ಬಿಣದ ಮಾತಾಯಿತು. ನನಗೆ ಹೆಚ್ಚು ಚಿಂತೆ ಇರುವುದು ಎಲುಬಿನ ಬಗ್ಗೆ. ಹಿಗ್ಗಿದ ಮಜ್ಜೆ ಎಲುಬನ್ನು ಒಳಗಿನಿಂದ ತೆಳುವಾಗಿಸುತ್ತದೆ. ಕಬ್ಬಿಣ ಹಾರ್ಮೋನು ಗ್ರಂಥಿಗಳಲ್ಲಿ ಕುಳಿತು ಮೈನೆರೆಯುವುದನ್ನು ತಡಮಾಡುತ್ತದೆ, ಅದರಿಂದಲೂ ಎಲುಬು ಸೊರಗುತ್ತದೆ. ಗಟ್ಟಿ ಎಲುಬು ಕಟ್ಟಿಕೊಳ್ಳುವ ವಯಸ್ಸೇ ಇದು. ಇಲ್ಲಿ ತಟ್ಟೆಯ ಕೆಲಸ ನಿಜವಾಗಿಯೂ ದೊಡ್ಡದು.

ಅವಳ ವಯಸ್ಸಿಗೆ ದಿನಕ್ಕೆ 850 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಜೋಳದಲ್ಲಿ ಅದು ಬಹಳ ಕಡಿಮೆ. ಈಗ ತಿನ್ನುತ್ತಿರುವುದರಲ್ಲಿ 300 ಸಿಕ್ಕರೆ ಹೆಚ್ಚು. ಹೀಗೆ ಮಾಡಿ: ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಲೋಟ, ಮಲಗುವ ಮುನ್ನ ಒಂದು ಲೋಟ ಕಾಯಿಸಿದ ಹಾಲು, ಎರಡೂ ಸೇರಿ 400 ಮಿಲಿಲೀಟರ್. ಅದರಿಂದಲೇ 480ರಷ್ಟು ಬಂತು. ಮಧ್ಯಾಹ್ನದ ಮೊಸರಿನಿಂದ 150. ಸಂಜೆ ಮೂರು ದೊಡ್ಡ ಚಮಚ ರಾಗಿಹಿಟ್ಟಿನ ಅಂಬಲಿ, ಮಜ್ಜಿಗೆ ಬೆರೆಸಿ, ಸುಮಾರು 100. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣ ನಾಲ್ಕೂವರೆಯಷ್ಟಿದ್ದರೂ ರಾಗಿಯ ಒಗರು ಅದನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ, ಹೆದರಬೇಡಿ. ವಾರಕ್ಕೆರಡು ಬಾರಿ ನುಗ್ಗೆಸೊಪ್ಪಿನ ಪಲ್ಯ. ಎಳ್ಳು, ಗುರೆಳ್ಳು ಚಟ್ನಿಪುಡಿ ರೊಟ್ಟಿಗೆ ಒಂದು ಚಿಟಿಕೆ ಸಾಕು, ಅವುಗಳಲ್ಲಿ ಕಬ್ಬಿಣವೂ ದಂಡಿಯಾಗಿದೆ.

ಡಾಕ್ಟರರು ಬರೆದ 500ರ ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿ ಊಟದ ನಡುವೆ ಕೊಡಿ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂದು ಎರಡು ಮಾಡಬೇಡಿ. ಈ ಕಾಯಿಲೆಯಲ್ಲಿ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗಿ ಕಲ್ಲು ಕಟ್ಟುವುದುಂಟು. ನೀರು ಚೆನ್ನಾಗಿ ಕುಡಿಯಲಿ.

ವಿಟಮಿನ್ ಡಿ 30ರ ಮೇಲಿರಬೇಕು, ಅವಳದು 14. ಊಟದಿಂದ ಇದು ತುಂಬುವುದಿಲ್ಲ. ಬರೆದುಕೊಟ್ಟ 60,000ದ ಪೊಟ್ಟಣ ವಾರಕ್ಕೊಮ್ಮೆ, ಎಂಟು ವಾರ ಮಾತ್ರ. ದಿನಕ್ಕೊಂದು ಎಂದು ತಪ್ಪು ತಿಳಿದು ಕೊಟ್ಟವರಿದ್ದಾರೆ, ಅದು ಅಪಾಯ. ಭಾನುವಾರ ಮಧ್ಯಾಹ್ನ ತುಪ್ಪವೋ ಎಣ್ಣೆಯೋ ಇರುವ ಊಟದ ನಂತರ ಎಂದು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜೊತೆಗೆ ಬಿಸಿಲು. ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಕೆಲಸ ಮಾಡುವುದು ಹನ್ನೊಂದರಿಂದ ಮೂರರವರೆಗಿನ ಬಿಸಿಲು. ಶಾಲೆಯ ವಿರಾಮದಲ್ಲಿ ಕೈಕಾಲು ತೆರೆದು ಇಪ್ಪತ್ತು ನಿಮಿಷ ಆಡಲಿ. ಕಪ್ಪಾಗುತ್ತಾಳೆ ಎಂಬ ಮಾತಿಗೆ ಕಿವಿಗೊಡಬೇಡಿ.

ಬೆಳಗಿನ ಕಬ್ಬಿಣ ಹೊರಹಾಕುವ ಮಾತ್ರೆ ಖಾಲಿ ಹೊಟ್ಟೆಗೆ, ನೀರಿನಲ್ಲಿ ಕದಡಿ. ಒಂದು ದಿನ ಹಾಲಿನಲ್ಲಿ ಕೊಟ್ಟೆ ಎಂದಿರಿ, ಇನ್ನು ಬೇಡ. ಚಹಾವೂ ಬೇಡ, ಸೋಡಾವೂ ಬೇಡ. ಲೋಟದ ತಳದಲ್ಲಿ ಉಳಿದದ್ದಕ್ಕೆ ಮತ್ತೆ ಸ್ವಲ್ಪ ನೀರು ಹಾಕಿ ಕುಡಿಸಿ. ಅರ್ಧ ಗಂಟೆ ಕಳೆದು ತಿಂಡಿ. ಎದೆಯುರಿಗೆ ಕೊಡುವ ಬಿಳಿ ಔಷಧಿಯನ್ನು ನಮ್ಮನ್ನು ಕೇಳದೆ ಕೊಡಬೇಡಿ, ಕೆಲವು ಈ ಮಾತ್ರೆಗೆ ಒಗ್ಗುವುದಿಲ್ಲ.

ಬೆರಳು ಜುಮುಗುಟ್ಟಿದರೆ, ಕೈ ಸೆಟೆದುಕೊಂಡರೆ, ಬಾಯಿಯ ಸುತ್ತ ಮರಗಟ್ಟಿದಂತಾದರೆ ರಕ್ತದ ಕ್ಯಾಲ್ಸಿಯಂ ಇಳಿದಿರಬಹುದು. ಹೊಟ್ಟೆನೋವಿನ ಜೊತೆ ಜ್ವರ ಬಂದರೆ ಅದೂ ಸಾಮಾನ್ಯವಲ್ಲ, ಕಬ್ಬಿಣ ತುಂಬಿದ ಮೈಯಲ್ಲಿ ಕೆಲವು ಸೋಂಕುಗಳು ಬೇಗ ಬಲಿಯುತ್ತವೆ. ಎರಡಕ್ಕೂ ಅಂದೇ ಆಸ್ಪತ್ರೆಗೆ ಬನ್ನಿ. ಹಸಿ ಹಾಲು, ಅರೆಬೆಂದ ಮಾಂಸ ಮನೆಯಲ್ಲಿ ಯಾರೂ ಕೊಡದಂತೆ ನೋಡಿಕೊಳ್ಳಿ.

ಮುಂದಿನ ರಕ್ತದ ದಿನ ಬರುವಾಗ ಮನೆಯಲ್ಲಿರುವ ಎಲ್ಲ ಪೊಟ್ಟಣ, ಡಬ್ಬಿ, ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ತನ್ನಿ, ಕೂತು ಓದೋಣ. ತೂಕವನ್ನು ಮೊದಲು ನೋಡುತ್ತೇನೆ. ಮತ್ತೆ, ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ.

ಇತಿ,
ಡೇ ಕೇರ್ ವಿಭಾಗದ ಆಹಾರ ತಜ್ಞೆ