4ನೇ ಪ್ರಶ್ನೆಯ ಅಂಕ ಇನ್ನೊಮ್ಮೆ ನೋಡಲು ಕೋರಿಕೆ

ನಮಸ್ತೆ ಮೇಡಂ,

ನಾನು ಬಿ.ಎಡ್. ಎರಡನೇ ಸೆಮಿಸ್ಟರ್‌ನ ಸವಿತಾ, ರೋಲ್ ನಂಬರ್ 27. ನಿನ್ನೆ ಕೊಟ್ಟ ಕಿರು ಪರೀಕ್ಷೆಯಲ್ಲಿ 4ನೇ ಪ್ರಶ್ನೆಗೆ ನನಗೆ 10ಕ್ಕೆ 4 ಬಂದಿದೆ. ಆ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಓದುತ್ತೀರಾ? ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳೋದು ಸರಿ ಅನ್ನಿಸಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪ್ರಶ್ನೆ ಹೀಗಿತ್ತು: 'ಪರೀಕ್ಷೆಯ ಸಿಂಧುತ್ವ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ.' ನೀವು ಪಕ್ಕದಲ್ಲಿ 'ವಿಧಗಳು ಎಲ್ಲಿ?' ಎಂದು ಬರೆದಿದ್ದೀರಿ. ವಿಷಯ ಸಿಂಧುತ್ವ, ರಚನಾ ಸಿಂಧುತ್ವ ಎರಡನ್ನೇ ಹೇಳಿ ಮಾನದಂಡ ಸಿಂಧುತ್ವ ಬಿಟ್ಟಿದ್ದೇನೆ, ಅದು ನನ್ನದೇ ತಪ್ಪು. ಅದಕ್ಕೆ ಅಂಕ ಹೋದರೆ ಬೇಸರವಿಲ್ಲ. ಆದರೆ ಇನ್ನೊಂದು ವಾಕ್ಯಕ್ಕೂ ಕೆಂಪು ಗೆರೆ ಎಳೆದು ಪ್ರಶ್ನಾರ್ಥಕ ಹಾಕಿದ್ದೀರಿ: 'ಸಿಂಧುತ್ವ ಪ್ರಶ್ನೆಪತ್ರಿಕೆಯದ್ದಲ್ಲ, ಅಂಕ ನೋಡಿ ನಾವು ಮಾಡುವ ತೀರ್ಮಾನದ್ದು.' ನಾನು ಕೇಳಬೇಕಿರುವುದು ಇದರ ಬಗ್ಗೆಯೇ.

ಇದು ನಾನು ಸುಮ್ನೆ ಬರೆದದ್ದಲ್ಲ ಮೇಡಂ. ಸ್ಯಾಮ್ಯುಯೆಲ್ ಮೆಸಿಕ್ 1989ರಲ್ಲಿ ಸಿಂಧುತ್ವವನ್ನು ಹೀಗೇ ವಿವರಿಸಿದರು, ಅಮೆರಿಕದ ಪರೀಕ್ಷಾ ಮಾನದಂಡಗಳ 1999 ಮತ್ತು 2014ರ ಆವೃತ್ತಿಗಳಲ್ಲೂ ಇದೇ ಇದೆ. ಅಲ್ಲಿ ವಿಧಗಳನ್ನು ಬೇರೆ ಬೇರೆ ಸಿಂಧುತ್ವ ಎನ್ನದೆ, ಒಂದೇ ಸಿಂಧುತ್ವಕ್ಕೆ ಸಿಗುವ ಬೇರೆ ಬೇರೆ ಪುರಾವೆ ಎನ್ನುತ್ತಾರೆ. ಉತ್ತರದಲ್ಲಿ ಈ ಹೆಸರು, ಇಸವಿ ಬರೆಯಲಿಲ್ಲ. ಬರೆಯಬೇಕಿತ್ತು.

ಉದಾಹರಣೆ ನನ್ನ ಅಭ್ಯಾಸ ಬೋಧನೆಯದು. 6ನೇ ತರಗತಿಗೆ ಭಿನ್ನರಾಶಿಯ ಘಟಕ ಪರೀಕ್ಷೆ ಕೊಟ್ಟಿದ್ದೆ. ನೀಲನಕ್ಷೆ ಪ್ರಕಾರ ಪಾಠದ ಎಲ್ಲ ಭಾಗಗಳೂ ಬಂದಿದ್ದವು, ಆದರೆ ಲೆಕ್ಕಗಳು ನಾಲ್ಕು ನಾಲ್ಕು ಸಾಲಿನವು: ರೈತ ಹೊಲದ ಮೂರನೇ ಒಂದು ಭಾಗದಲ್ಲಿ ಜೋಳ, ಉಳಿದದ್ದರ ಅರ್ಧದಲ್ಲಿ ತೊಗರಿ ಬಿತ್ತಿದರೆ ಖಾಲಿ ಉಳಿದದ್ದೆಷ್ಟು, ಈ ತರಹ. ತಾಂಡಾದಿಂದ ಬರುವ, ಮನೆಯಲ್ಲಿ ಲಂಬಾಣಿ ಮಾತಾಡುವ ಆರು ಮಕ್ಕಳಿಗೆ ತುಂಬಾ ಕಡಿಮೆ ಬಂತು. ವಾರ ಬಿಟ್ಟು ಅದೇ ತರಹದ ಇನ್ನೊಂದು ಪರೀಕ್ಷೆ ಕೊಟ್ಟಾಗಲೂ ಕೆಳಗೆ ಉಳಿದವರು ಅವರೇ. ಅಂದರೆ ಅಂಕಗಳು ಸ್ಥಿರವಾಗಿವೆ, ವಿಶ್ವಾಸಾರ್ಹತೆ ಇದೆ ಅನ್ನಬಹುದು. ಆಮೇಲೆ 8ನೇ ತರಗತಿಯ ಹುಡುಗಿಯೊಬ್ಬಳು ಅದೇ ಲೆಕ್ಕಗಳನ್ನು ಅವರಿಗೆ ಲಂಬಾಣಿಯಲ್ಲಿ ಓದಿ ಹೇಳಿದಳು. ಆರರಲ್ಲಿ ಐವರು ಬಾಯಲ್ಲೇ ಸರಿ ಉತ್ತರ ಕೊಟ್ಟರು. ಹಾಗಿದ್ದರೆ ಆ ಅಂಕ ನೋಡಿ 'ಇವರಿಗೆ ಭಿನ್ನರಾಶಿ ಬರಲ್ಲ' ಅನ್ನೋದು ತಪ್ಪು ತೀರ್ಮಾನ ಅಲ್ವಾ? ಅಂಕದೊಳಗೆ ಕನ್ನಡ ಓದುವ ಕಷ್ಟ ಸೇರಿಕೊಂಡಿತ್ತು.

ಆ ಕೆಂಪು ಗೆರೆಯ ವಾಕ್ಯ ಮತ್ತು ಈ ಉದಾಹರಣೆ, ಎರಡನ್ನೂ ಒಟ್ಟಿಗೆ ಓದಿ ಅಂತ ಕೋರುತ್ತೇನೆ. ಎಷ್ಟು ಅಂಕ ಅನ್ನೋದು ನಿಮ್ಮ ತೀರ್ಮಾನ, 4 ಸರಿ ಅಂದರೂ ಒಪ್ಪುತ್ತೇನೆ. ಹಾಗಾದಲ್ಲಿ ನನ್ನ ತಿಳುವಳಿಕೆ ಎಲ್ಲಿ ತಪ್ಪಿದೆ ಅಂತ ಐದು ನಿಮಿಷ ಹೇಳಿಕೊಡಿ ಮೇಡಂ, ಮುಂದಿನ ತಿಂಗಳು ಇದೇ ಮಕ್ಕಳಿಗೆ ಮತ್ತೆ ಪ್ರಶ್ನೆಪತ್ರಿಕೆ ಮಾಡಬೇಕಿದೆ. ಗುರುವಾರ ಕೊನೆಯ ಪೀರಿಯಡ್ ಆದ ಮೇಲೆ ಸ್ಟಾಫ್ ರೂಮಿಗೆ ಬರಬಹುದಾ? ಉತ್ತರದ ಎರಡು ಪುಟಗಳ ಫೋಟೋ ಜೊತೆಗಿಟ್ಟಿದ್ದೇನೆ.

ನಿಮ್ಮ ವಿದ್ಯಾರ್ಥಿನಿ,
ಸವಿತಾ